ಎಫ್‌ಡಿ ಅಂದ್ರು, ಪಾಲಿಸಿ ಕೊಟ್ರು

ಪ್ರಶ್ನೆ: ಅಮ್ಮನಿಗೆ 67 ವರ್ಷ, ದಾವಣಗೆರೆಯಲ್ಲಿ ಒಬ್ಬರೇ ಇದ್ದಾರೆ. ತಿಂಗಳಿಗೆ 19 ಸಾವಿರ ಫ್ಯಾಮಿಲಿ ಪೆನ್ಶನ್ ಬರುತ್ತೆ. ನಾಲ್ಕು ಲಕ್ಷದ ಎಫ್‌ಡಿ ಮುಗಿದಾಗ ಬ್ಯಾಂಕಿನವರು "ಇದೂ ಎಫ್‌ಡಿ ತರಾನೇ, ವರ್ಷಕ್ಕೆ 8% ಗ್ಯಾರಂಟಿ, ಇನ್ಶೂರೆನ್ಸ್ ಫ್ರೀ" ಅಂತ ಹೇಳಿ ಎರಡು ಲಕ್ಷ ಅದಕ್ಕೆ ಹಾಕಿಸಿದ್ದಾರೆ. ನಾಮಿನಿಗೆ ಬೇಕು ಅಂತ ನನ್ನ ಆಧಾರ್, ಸಹಿ, ಒಟಿಪಿ ಎಲ್ಲ ತಗೊಂಡ್ರು. 19 ದಿನದ ಹಿಂದೆ ಮೇಲ್‌ನಲ್ಲಿ ಬಾಂಡ್ ಬಂತು. ಮೊನ್ನೆ ಓದಿದರೆ, ವರ್ಷಕ್ಕೆ 2 ಲಕ್ಷದಂತೆ 10 ವರ್ಷ ಕಟ್ಟಬೇಕಂತೆ, 15ನೇ ವರ್ಷದ ಕೊನೆಗೆ 36 ಲಕ್ಷ ಅಂತೆ. ದುಡ್ಡು ವಾಪಸ್ ಬರುತ್ತಾ? ಇಪ್ಪತ್ತು ವರ್ಷದಿಂದ ಪರಿಚಯ ಇರುವ ಬ್ರಾಂಚಿನವರು ಹೀಗ್ಯಾಕೆ ಮಾಡಿದ್ರು? ಇನ್ನೊಂದು, ನಾನೇ ಒಂದು ಚಿಕ್ಕ ವಾಟರ್ ಫಿಲ್ಟರ್ ಏಜೆನ್ಸಿ ನಡೆಸ್ತೀನಿ, ಎಂಟು ಜನ ಸೇಲ್ಸ್ ಹುಡುಗರಿದ್ದಾರೆ. ನಮ್ಮಲ್ಲಿ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ದುಡ್ಡು ವಾಪಸ್ ಬರುತ್ತೆ. ಆದರೆ ನಿಮ್ಮ ಕೈಯಲ್ಲಿ ಇನ್ನು 11 ದಿನ ಮಾತ್ರ ಇದೆ, ಹಾಗಾಗಿ ಉಳಿದದ್ದನ್ನು ಓದುವ ಮೊದಲು ಈ ಒಂದು ಕೆಲಸ ಮುಗಿಸಿ.

ಜೀವ ವಿಮೆ ಪಾಲಿಸಿ ಕೈಗೆ ಬಂದ ದಿನದಿಂದ 30 ದಿನ 'ಫ್ರೀ ಲುಕ್' ಅಂತ ಇರುತ್ತೆ. ಮೊದಲು ಏಜೆಂಟರ ಮೂಲಕ ತಗೊಂಡ ಪಾಲಿಸಿಗಳಿಗೆ ಇದು 15 ದಿನ ಇತ್ತು, 2024ರ ನಿಯಮದಲ್ಲಿ ಎಲ್ಲದಕ್ಕೂ 30 ಆಯ್ತು. ಈ ಅವಧಿಯೊಳಗೆ "ನನಗೆ ಬೇಡ" ಅಂತ ಬರೆದು ಕೊಟ್ಟರೆ ಕಂಪನಿ ಹಣ ವಾಪಸ್ ಕೊಡಲೇಬೇಕು. ಸ್ಟ್ಯಾಂಪ್ ಡ್ಯೂಟಿ, ವೈದ್ಯಕೀಯ ಪರೀಕ್ಷೆ ಮಾಡಿಸಿದ್ದರೆ ಅದರ ಖರ್ಚು, ಇಷ್ಟು ದಿನ ವಿಮೆ ಇತ್ತಲ್ಲ ಅದರ ಬಾಬ್ತು, ಇಷ್ಟು ಹಿಡಿದುಕೊಳ್ಳುತ್ತಾರೆ. ಎರಡು ಲಕ್ಷದಲ್ಲಿ ಇದು ಚಿಕ್ಕ ಮೊತ್ತ.

ಪತ್ರವನ್ನು ಬ್ಯಾಂಕಿಗೆ ಕೊಡಬೇಡಿ. ವಿಮಾ ಕಂಪನಿಗೇ ಬರೆಯಿರಿ. ಬಾಂಡಿನ ಜೊತೆಯಲ್ಲೇ ಕಂಪನಿಯ ಮೇಲ್ ವಿಳಾಸ ಇರುತ್ತೆ, ಅದಕ್ಕೆ ಕಳಿಸಿ. ಜೊತೆಗೆ ಊರಲ್ಲಿ ಆ ಕಂಪನಿಯ ಆಫೀಸ್ ಇದ್ದರೆ ಹೋಗಿ ಒಂದು ಪ್ರತಿ ಕೊಟ್ಟು ಸೀಲ್ ಹಾಕಿಸಿಕೊಂಡು ಬನ್ನಿ. ಬಾಂಡಿನಲ್ಲಿ ಪಾಲಿಸಿದಾರ ಅಂತ ಯಾರ ಹೆಸರಿದೆಯೋ ಅವರೇ ಸಹಿ ಮಾಡಬೇಕು. ಪಾಲಿಸಿ ನಂಬರ್, ಬಾಂಡ್ ಬಂದ ತಾರೀಖು, ರದ್ದು ಮಾಡಲು ಕಾರಣ, ಇಷ್ಟು ಬರೆದು ಕ್ಯಾನ್ಸಲ್ ಮಾಡಿದ ಒಂದು ಚೆಕ್ಕು ಮತ್ತು ಗುರುತಿನ ಚೀಟಿ ಲಗತ್ತಿಸಿ. ಕಾರಣ ಉದ್ದ ಬೇಡ. "ಎಫ್‌ಡಿ ಎಂದು ಹೇಳಿ ಮಾರಿದ್ದಾರೆ, 10 ವರ್ಷ ಕಟ್ಟಬೇಕೆಂದು ತಿಳಿಸಿಲ್ಲ" ಅಂದರೆ ಸಾಕು.

ಬ್ರಾಂಚಿಗೆ ಹೋದರೆ "ಕೊಡಿ ಸರ್, ನಾವೇ ಕಳಿಸ್ತೀವಿ" ಅಂತಾರೆ. ಆಮೇಲೆ ಫಾರ್ಮ್ ಬೇರೆ ಬೇಕು, ಸಹಿ ಸರಿಯಾಗಿಲ್ಲ, ಮ್ಯಾನೇಜರ್ ರಜೆ ಅಂತ ದಿನ ಹೋಗುತ್ತೆ. 31ನೇ ದಿನ "ಟೈಮ್ ಮುಗೀತು" ಅಂತಾರೆ. ನನ್ನ ಹತ್ತಿರ ಬಂದ ಎಷ್ಟೋ ದೂರುಗಳಲ್ಲಿ ದುಡ್ಡು ಸಿಕ್ಕಿಹಾಕಿಕೊಂಡಿದ್ದು ಇದೇ ಎರಡು ವಾರಗಳಲ್ಲಿ.

ಇದನ್ನು ಕಳಿಸಿ ಆಯ್ತು ಅಂದುಕೊಂಡು ಮುಂದಿನ ಮಾತು ಹೇಳುತ್ತೇನೆ. ನಾನು ಒಂದು ವಿಮಾ ಕಂಪನಿಯಲ್ಲಿ, ಬ್ಯಾಂಕುಗಳ ಮೂಲಕ ಪಾಲಿಸಿ ಮಾರುವ ವಿಭಾಗದಲ್ಲಿ 11 ವರ್ಷ ಇದ್ದೆ. ಅದರಲ್ಲಿ ನಾಲ್ಕು ವರ್ಷ ಹೊಸಬರಿಗೆ ತರಬೇತಿ ಕೊಟ್ಟೆ. 'ಕಂತು' ಅನ್ನಬೇಡಿ, 'ಸೇವಿಂಗ್ಸ್' ಅನ್ನಿ. 'ಪಾಲಿಸಿ' ಅನ್ನಬೇಡಿ, 'ಪ್ಲಾನ್' ಅನ್ನಿ ಅಂತ ಹುಬ್ಬಳ್ಳಿಯ ಒಂದು ಹಾಲ್‌ನಲ್ಲಿ ನಿಂತು ನಾನೇ ಹೇಳಿಕೊಟ್ಟಿದ್ದೇನೆ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆ ಇದೆ. ಈಗ ನಾನು ಮಾಡುವ ಕೆಲಸ ಜನರಿಗೆ ದೂರು ಬರೆದುಕೊಡುವುದು.

ನಿಮ್ಮ ಅಮ್ಮನಿಗೆ ಹೇಳಿದ ಮಾತುಗಳನ್ನು ಒಂದೊಂದಾಗಿ ನೋಡೋಣ, ಯಾಕಂದರೆ ಅದರಲ್ಲಿ ನೇರ ಸುಳ್ಳು ಒಂದೇ ಇದೆ, ಉಳಿದದ್ದೆಲ್ಲ ಅರ್ಧ ನಿಜ, ಕಷ್ಟ ಇರುವುದೇ ಅಲ್ಲಿ.

"8% ಗ್ಯಾರಂಟಿ" ಅಂದರು. ಬಾಂಡಿನಲ್ಲಿ 'ಗ್ಯಾರಂಟಿ ಅಡಿಷನ್' ಅಂತ ಒಂದು ಸಾಲು ಇರಬೇಕು, ನೋಡಿ. ನೀವು ಕೊಟ್ಟ ಅಂಕಿ ನೋಡಿದರೆ ಲೆಕ್ಕ ಹೀಗಿರಬಹುದು. ಒಟ್ಟು ಕಟ್ಟುವುದು 20 ಲಕ್ಷ. ಅದರ 8% ಅಂದರೆ 1.6 ಲಕ್ಷ. ಹತ್ತು ವರ್ಷಕ್ಕೆ 16 ಲಕ್ಷ. ಎರಡೂ ಸೇರಿ 36 ಲಕ್ಷ. ಅಂದರೆ 8% ಅನ್ನುವುದು ಕಾಗದದ ಮೇಲೆ ನಿಜ. ಆದರೆ ಎಫ್‌ಡಿಯಲ್ಲಿ ಬಡ್ಡಿಗೂ ಬಡ್ಡಿ ಸೇರುತ್ತೆ, ಇಲ್ಲಿ ಸೇರುವುದಿಲ್ಲ. ಹತ್ತು ವರ್ಷ ಮಾತ್ರ ಸೇರಿಸಿ, ಹಣವನ್ನು ಮಾತ್ರ 15 ವರ್ಷ ಇಟ್ಟುಕೊಳ್ಳುತ್ತಾರೆ. ನಿಜವಾಗಿ ಎಷ್ಟು ಬಂತು ಅಂತ ನೀವೇ ಲೆಕ್ಕ ಹಾಕಬಹುದು. ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ A1ರಿಂದ ಶುರು ಮಾಡಿ ಕೆಳಗೆ ಕೆಳಗೆ ಹತ್ತು ಸಲ -200000, ಆಮೇಲೆ ಐದು ಸಲ 0, ಕೊನೆಗೆ 3600000 ಬರೆದು, ಪಕ್ಕದಲ್ಲಿ ಇದನ್ನು ಹಾಕಿ:

```
=IRR(A1:A16)
```

ಉತ್ತರ ಸುಮಾರು 5.6% ಬರುತ್ತೆ. 8% ಅಂತ ಹೇಳಿದ್ದಕ್ಕೂ 5.6%ಗೂ ನಡುವಿನ ಅಂತರ ಅಮ್ಮನಿಗೆ ಕೌಂಟರಿನಲ್ಲಿ ಕೂತು ಗೊತ್ತಾಗುವುದು ಸಾಧ್ಯವೇ ಇಲ್ಲ. ಬಿ.ಕಾಂ ಓದಿದವರಿಗೂ ಗೊತ್ತಾಗುವುದಿಲ್ಲ. ಇಂಥ ಯಾವ ಪಾಲಿಸಿ ಬಂದರೂ, ಕಟ್ಟುವ ವರ್ಷ ಮತ್ತು ಕೊಡುವ ವರ್ಷ ಎರಡನ್ನೂ ಬರೆದು ಈ ಒಂದು ಲೆಕ್ಕ ಮಾಡಿ ನೋಡಿ. ನಡುವೆ ಸ್ವಲ್ಪ ಸ್ವಲ್ಪ ವಾಪಸ್ ಕೊಡುವ 'ಮನಿ ಬ್ಯಾಕ್' ಇದ್ದರೆ ಆಯಾ ವರ್ಷದ ಜಾಗದಲ್ಲಿ ಅದನ್ನು ಸೇರಿಸಿ.

"ಇನ್ಶೂರೆನ್ಸ್ ಫ್ರೀ" ಅಂದರು. ಫ್ರೀ ಅಲ್ಲ ಅನ್ನುವುದು ಇರಲಿ, ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಬಾಂಡಿನ ಮೊದಲ ಪುಟದಲ್ಲಿ 'ಲೈಫ್ ಅಶ್ಯೂರ್ಡ್', ಅಂದರೆ ಯಾರ ಜೀವಕ್ಕೆ ವಿಮೆಯೋ ಅವರು, ಅಂತ ಯಾರ ಹೆಸರಿದೆ ನೋಡಿ. ನಿಮ್ಮ ಆಧಾರ್, ಸಹಿ, ಒಟಿಪಿ ತಗೊಂಡಿದ್ದಾರೆ ಅಂದರೆ ಅಲ್ಲಿ ನಿಮ್ಮ ಹೆಸರೇ ಇರುವ ಸಾಧ್ಯತೆ ಜಾಸ್ತಿ. ನಾಮಿನಿ ಆಗುವುದಕ್ಕೆ ನಿಮ್ಮ ಒಟಿಪಿ ಬೇಕಾಗಿಲ್ಲ. 67 ವರ್ಷದವರ ಜೀವಕ್ಕೆ ವಿಮೆ ಕೊಟ್ಟರೆ ಅದರ ವೆಚ್ಚ ಜಾಸ್ತಿ, ಕೊನೆಗೆ ಸಿಗುವ ಮೊತ್ತ ಕಮ್ಮಿ ಕಾಣುತ್ತೆ, ಕೆಲವು ಪ್ಲಾನ್‌ಗಳಲ್ಲಿ ಆ ವಯಸ್ಸಿಗೆ ಅವಕಾಶವೇ ಇಲ್ಲ. ಹಾಗಾಗಿ ದುಡ್ಡು ತಾಯಿಯದು, ಜೀವ ಮಗನದೋ ಮಗಳದೋ ಮಾಡುತ್ತಾರೆ. ಇದರ ಅರ್ಥ ಏನು? ನಾಳೆ ಅಮ್ಮನಿಗೆ ಏನಾದರೂ ಆದರೆ ಒಂದು ರೂಪಾಯಿಯೂ ಬರುವುದಿಲ್ಲ. ಪಾಲಿಸಿ ಹಾಗೇ ಮುಂದುವರಿಯುತ್ತೆ, ಉಳಿದ ಕಂತು ನೀವು ಕಟ್ಟಬೇಕು. ಅಮ್ಮ ತನಗೆ ವಿಮೆ ಇದೆ ಅಂದುಕೊಂಡಿದ್ದಾರೆ, ಅಲ್ವಾ?

ಇನ್ನು "ಎಫ್‌ಡಿ ತರಾನೇ" ಅನ್ನುವ ಮಾತು. ಇದು ನೇರ ಸುಳ್ಳು. ಎಫ್‌ಡಿಯಲ್ಲಿ ಒಂದು ಸಲ ಇಟ್ಟರೆ ಮುಗೀತು. ಇದರಲ್ಲಿ ಪ್ರತಿ ವರ್ಷ 2 ಲಕ್ಷ ಕೇಳುತ್ತಾರೆ. ಅಮ್ಮನ ವರ್ಷದ ಪೆನ್ಶನ್ 2 ಲಕ್ಷ 28 ಸಾವಿರ. ತಿಂಗಳಿಗೆ ಎರಡು ಸಾವಿರ ಚಿಲ್ಲರೆಯಲ್ಲಿ ಅವರು ಊಟ, ಔಷಧಿ, ಕರೆಂಟು ಎಲ್ಲ ನೋಡಿಕೊಳ್ಳಬೇಕು ಅಂತ ಯಾರೋ ಒಬ್ಬರು ಫಾರ್ಮ್ ತುಂಬಿ ಕಳಿಸಿದ್ದಾರೆ, ಇನ್ನೊಬ್ಬರು ಅದನ್ನು ಪಾಸ್ ಮಾಡಿದ್ದಾರೆ. ಕೊನೆಯ ಹಣ ಬರುವಾಗ ಅವರಿಗೆ 82.

ಎರಡನೇ ಕಂತು ಕಟ್ಟದೆ ಬಿಟ್ಟರೆ? 2024ರ ಅಕ್ಟೋಬರ್‌ನಿಂದ ಬಂದ ಹೊಸ ನಿಯಮದಲ್ಲಿ ಒಂದು ಪೂರ್ತಿ ವರ್ಷದ ಕಂತು ಕಟ್ಟಿದವರಿಗೂ ಒಂದಿಷ್ಟು ಸರೆಂಡರ್ ಮೊತ್ತ ಸಿಗುತ್ತೆ, ಮೊದಲು ಅದೂ ಇರಲಿಲ್ಲ. ಆದರೂ ಕಟ್ಟಿದ್ದಷ್ಟು ಬರುವುದಿಲ್ಲ. ಅದಕ್ಕೇ ಆ 11 ದಿನ ಅಷ್ಟು ಮುಖ್ಯ.

ಈಗ ನಿಮ್ಮ ಎರಡನೇ ಪ್ರಶ್ನೆ. ಇಪ್ಪತ್ತು ವರ್ಷದ ಪರಿಚಯದವರು ಹೀಗ್ಯಾಕೆ ಮಾಡಿದರು? ಅವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಅವರ ಟೇಬಲ್ ಮೇಲೆ ಏನಿದೆ ಅಂತ ಹೇಳುತ್ತೇನೆ.

ಅಮ್ಮ ನಾಲ್ಕು ಲಕ್ಷವನ್ನು ಮತ್ತೆ ಎಫ್‌ಡಿ ಮಾಡಿದರೆ ಬ್ರಾಂಚಿಗೆ ಕಮಿಷನ್ ಅಂತ ಏನೂ ಬರುವುದಿಲ್ಲ. ವಿಮೆ ಮಾರಿದರೆ ಬರುತ್ತೆ. ಅದರಲ್ಲೂ ಯಾವ ವಿಮೆ ಅನ್ನುವುದು ಮುಖ್ಯ. 2023ರವರೆಗೆ ಕಮಿಷನ್‌ಗೆ ಪಾಲಿಸಿವಾರು ಮಿತಿ ಇತ್ತು. ಒಂದೇ ಸಲ ಹಣ ಕಟ್ಟುವ ಉಳಿತಾಯ ಪಾಲಿಸಿಗೆ 2%. ಹತ್ತು ವರ್ಷ ಕಟ್ಟುವ ಪಾಲಿಸಿಗೆ ಮೊದಲ ವರ್ಷದ ಕಂತಿನ 30%ವರೆಗೆ. ಹನ್ನೆರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಕಟ್ಟುವುದಕ್ಕೆ 35%ವರೆಗೆ. ಆಮೇಲೆ ಆ ಪಾಲಿಸಿವಾರು ಮಿತಿ ತೆಗೆದು, ಕಂಪನಿಯ ಒಟ್ಟು ಖರ್ಚಿಗೆ ಒಂದು ಮಿತಿ ಹಾಕಿದರು. ಆದರೆ ಹಳೆಯ ದರ ಇಟ್ಟುಕೊಂಡೇ ನಿಮ್ಮ ಅಮ್ಮನ ಎರಡು ಲಕ್ಷಕ್ಕೆ ಲೆಕ್ಕ ಹಾಕಿ. ಒಂದೇ ಸಲದ ಪಾಲಿಸಿ ಆಗಿದ್ದರೆ ಕಮಿಷನ್ 4 ಸಾವಿರ. ಹತ್ತು ವರ್ಷ ಕಟ್ಟುವುದಾದರೆ 60 ಸಾವಿರ. ಅಮ್ಮನ ಕೈಯಿಂದ ಆ ದಿನ ಹೋದ ಹಣ ಎರಡರಲ್ಲೂ ಒಂದೇ. ಒಂದೇ ಸಲ ಇಡಬೇಕಿದ್ದ ಹಣಕ್ಕೆ ಹತ್ತು ವರ್ಷದ ಪಾಲಿಸಿ ಯಾಕೆ ಬಂತು ಅನ್ನುವುದಕ್ಕೆ ಉತ್ತರ ಈ ಎರಡು ಅಂಕಿಗಳಲ್ಲಿದೆ.

ಈ 60 ಸಾವಿರ ಕೌಂಟರಿನ ಹುಡುಗಿಯ ಜೇಬಿಗೆ ಹೋಗುವುದಿಲ್ಲ, ಅದು ಬ್ಯಾಂಕಿಗೆ. ಅವಳಿಗೆ ಸಿಗುವುದು ಟಾರ್ಗೆಟ್. ಬ್ರಾಂಚಿಗೆ ತಿಂಗಳಿಗೆ ಇಷ್ಟು ಅಂತ ಇರುತ್ತೆ, ಕೆಲವು ದಿನಗಳನ್ನು 'ಲಾಗಿನ್ ಡೇ' ಅಂತ ಮಾಡಿ ಅವತ್ತೇ ಇಷ್ಟು ಪಾಲಿಸಿ ಆಗಬೇಕು ಅಂತಾರೆ, ಮಾರ್ಚ್ ಬಂದರಂತೂ ಹೇಳುವುದೇ ಬೇಡ. ಬೆಳಿಗ್ಗೆ ಹತ್ತಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಯಾವ ಬ್ರಾಂಚ್ ಎಷ್ಟು ಅಂತ ಪಟ್ಟಿ ಬರುತ್ತೆ, ಕೆಳಗಿರುವ ಹೆಸರುಗಳು ಕೆಂಪು ಬಣ್ಣದಲ್ಲಿ. ಸಂಜೆ ಕಾಲ್‌ನಲ್ಲಿ ಎಲ್ಲರ ಎದುರು ಕೇಳುತ್ತಾರೆ. ಆ ಕೆಂಪು ಹೆಸರಿನಿಂದ ಪಾರಾಗಬೇಕು ಅಂದರೆ ಯಾರ ಎಫ್‌ಡಿ ಇವತ್ತು ಮುಗಿಯುತ್ತೆ ಅಂತ ಕಂಪ್ಯೂಟರಿನಲ್ಲಿ ಪಟ್ಟಿ ತೆಗೆಯುತ್ತಾರೆ. ಅಲ್ಲಿ ನಿಮ್ಮ ಅಮ್ಮ ಸಿಕ್ಕಿದ್ದಾರೆ.

ಟಾರ್ಗೆಟ್ ಒಬ್ಬ ಮನುಷ್ಯನನ್ನು ಎಲ್ಲಿಗೆ ತಳ್ಳುತ್ತೆ ಅನ್ನುವುದಕ್ಕೆ ದಾಖಲೆ ಇರುವ ಒಂದು ಪ್ರಕರಣ ಇದೆ. ಬ್ರಿಟನ್ನಿನ ಲಾಯ್ಡ್ಸ್ ಬ್ಯಾಂಕ್ ಸಮೂಹಕ್ಕೆ ಅಲ್ಲಿನ ಹಣಕಾಸು ನಿಯಂತ್ರಕರು 2013ರ ಡಿಸೆಂಬರ್‌ನಲ್ಲಿ 2 ಕೋಟಿ 80 ಲಕ್ಷ ಪೌಂಡ್ ದಂಡ ಹಾಕಿದರು. ಯಾವುದೋ ಒಂದು ಕೆಟ್ಟ ಪಾಲಿಸಿ ಮಾರಿದ್ದಕ್ಕೆ ಅಲ್ಲ, ಮಾರುವವರಿಗೆ ಇಟ್ಟ ಪ್ರೋತ್ಸಾಹದ ಪದ್ಧತಿಗೇ ದಂಡ. ಅಲ್ಲಿ ಮಾರಾಟ ಚೆನ್ನಾಗಿ ಆದರೆ ಸಾವಿರ ಪೌಂಡ್ ಬಹುಮಾನ, ತಿಂಗಳ ಸಂಬಳದ ಒಂದು ಭಾಗ ಬೋನಸ್. ಟಾರ್ಗೆಟ್ ಮುಟ್ಟದಿದ್ದರೆ ಹುದ್ದೆ ಒಂದು ಮೆಟ್ಟಿಲು ಕೆಳಗೆ, ಸಂಬಳ ಕಡಿತ. ತನ್ನ ಹುದ್ದೆ ಇಳಿಯದಿರಲಿ ಅಂತ ಒಬ್ಬ ಸಲಹೆಗಾರ ತನಗೆ, ತನ್ನ ಹೆಂಡತಿಗೆ, ಒಬ್ಬ ಸಹೋದ್ಯೋಗಿಗೆ ಪಾಲಿಸಿ ಮಾರಿದ್ದು ಆ ತನಿಖೆಯಲ್ಲಿ ಬಯಲಾಯಿತು. ತನ್ನ ಮನೆಯವರಿಗೇ ಮಾರಿದವನು ಗಿರಾಕಿಗೆ ಏನು ಬೇಕು ಅಂತ ಕೇಳುವ ಸ್ಥಿತಿಯಲ್ಲಿ ಇದ್ದನಾ? ನನಗೆ ಈ ವಿವರ ಓದಿದಾಗ ಹೊಟ್ಟೆಯಲ್ಲಿ ಸಂಕಟ ಆಯಿತು, ಯಾಕಂದರೆ ಮಾರ್ಚ್ ಕೊನೆಯಲ್ಲಿ ಸ್ವಂತ ಅತ್ತೆಯ ಹೆಸರಿಗೆ ಪಾಲಿಸಿ ಮಾಡಿಸಿದ ಹುಡುಗರನ್ನು ನಾನೇ ನೋಡಿದ್ದೇನೆ.

ಒತ್ತಡದ ಮಾತುಗಳನ್ನು ಗುರುತಿಸುವುದು ಹೇಗೆ ಅಂತ ಜನ ಕೇಳುತ್ತಾರೆ. "ಇವತ್ತೇ ಕೊನೇ ದಿನ", "ಈ ಪ್ಲಾನ್ ನಾಳೆಯಿಂದ ಬಂದ್", "ಲಾಕರ್ ಬೇಕು ಅಂದ್ರೆ ಒಂದು ಪಾಲಿಸಿ ಮಾಡ್ಬೇಕು", "ಅಮ್ಮಾ, ನಾನೂ ನಿಮ್ಮ ಮಗ ಇದ್ದ ಹಾಗೆ". ಇವೆಲ್ಲ ಎಲ್ಲರಿಗೂ ಗೊತ್ತಿರುವವು. ಲಾಕರಿಗೋ ಸಾಲಕ್ಕೋ ವಿಮೆ ಕಡ್ಡಾಯ ಅಂತ ಬ್ಯಾಂಕ್ ಹೇಳುವ ಹಾಗಿಲ್ಲ, ಅದು ನಿಯಮ. ಆದರೆ ನಾನು ಕಂಡಂತೆ ಅನುಭವಸ್ಥರು ಹೀಗೆ ಒತ್ತಾಯ ಮಾಡುವುದೇ ಇಲ್ಲ. ಅವರು ತುಂಬಾ ಮೃದುವಾಗಿ, ಕಾಫಿ ತರಿಸಿ ಮಾತಾಡುತ್ತಾರೆ. ಅವರಲ್ಲಿ ಗಮನಿಸಬೇಕಾದ್ದು ಅವರು ಯಾವ ಮಾತನ್ನು ತಪ್ಪಿಸುತ್ತಿದ್ದಾರೆ ಅನ್ನುವುದನ್ನು. ಎಷ್ಟು ವರ್ಷ ಕಟ್ಟಬೇಕು? ಮಧ್ಯೆ ನಿಲ್ಲಿಸಿದರೆ ಎಷ್ಟು ವಾಪಸ್? ಯಾರ ಜೀವಕ್ಕೆ ವಿಮೆ? ಈ ಮೂರಕ್ಕೆ ಉತ್ತರವನ್ನು ಅವರ ಕೈಬರಹದಲ್ಲಿ, ಹೆಸರು ಸಹಿ ಹಾಕಿ ಕೊಡಿ ಅಂತ ಕೇಳಿ. ಸರಿಯಾಗಿ ಮಾರುವವರು ಎರಡು ನಿಮಿಷದಲ್ಲಿ ಬರೆದು ಕೊಡುತ್ತಾರೆ. ತಪ್ಪಾಗಿ ಮಾರುವವರು "ಬ್ರೋಶರಲ್ಲೇ ಇದೆಯಲ್ಲ" ಅಂತಾರೆ. ಈ ಪರೀಕ್ಷೆ ಅಮ್ಮನಂಥವರೂ ಮಾಡಬಹುದು, ಅದಕ್ಕೆ ಲೆಕ್ಕ ಗೊತ್ತಿರಬೇಕಾಗಿಲ್ಲ.

ಇನ್ನೊಂದು ಗುರುತು, ವೆರಿಫಿಕೇಶನ್ ಕಾಲ್. ಪಾಲಿಸಿ ಕೊಡುವ ಮೊದಲು ಕಂಪನಿಯಿಂದ ಒಂದು ಫೋನ್ ಅಥವಾ ಲಿಂಕ್ ಬರುತ್ತೆ. "ಫೋನ್ ಬಂದ್ರೆ ಎಲ್ಲದಕ್ಕೂ ಹೌದು ಅನ್ನಿ, ಇಲ್ಲಾಂದ್ರೆ ರಿಜೆಕ್ಟ್ ಆಗುತ್ತೆ" ಅಂತ ಯಾರಾದರೂ ಹೇಳಿಕೊಟ್ಟರೆ ಅಲ್ಲಿಗೇ ನಿಲ್ಲಿಸಿ. ನಿಮ್ಮನ್ನು ಕಾಪಾಡಲು ಇಟ್ಟ ಬಾಗಿಲನ್ನು ಅವರು ಮುಚ್ಚುತ್ತಿದ್ದಾರೆ.

ಅಕಸ್ಮಾತ್ 30 ದಿನ ದಾಟಿಹೋಗಿ, ಅಥವಾ ಕಂಪನಿ ನಿಮ್ಮ ಅರ್ಜಿ ತಳ್ಳಿಹಾಕಿದರೆ ದಾರಿ ಇದೆ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಅದರ ಜೊತೆಗೇ ವಿಮಾ ನಿಯಂತ್ರಕರ ಬಿಮಾ ಭರೋಸಾ ತಾಣದಲ್ಲಿ, bimabharosa.irdai.gov.in, ದೂರು ಹಾಕಿ. ಒಂದು ತಿಂಗಳಾದರೂ ಉತ್ತರ ಇಲ್ಲ ಅಥವಾ ಉತ್ತರ ಸರಿಯಿಲ್ಲ ಅಂದರೆ ವಿಮಾ ಒಂಬುಡ್ಸ್‌ಮನ್. ಕರ್ನಾಟಕಕ್ಕೆ ಆ ಕಚೇರಿ ಬೆಂಗಳೂರಿನಲ್ಲಿದೆ. ಫೀಸಿಲ್ಲ, ವಕೀಲರು ಬೇಕಿಲ್ಲ, ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು, 50 ಲಕ್ಷದವರೆಗಿನ ವಿಷಯ ಅವರು ತೀರ್ಮಾನಿಸಬಹುದು. ಅವರ ಆದೇಶವನ್ನು ಕಂಪನಿ ಪಾಲಿಸಲೇಬೇಕು.

ಅಲ್ಲಿ ಗೆಲ್ಲುವುದು ಸೋಲುವುದು ಕಾಗದದ ಮೇಲೆ. "ಎಫ್‌ಡಿ ಅಂದರು" ಅನ್ನುವ ಮಾತಿಗೆ ಕಂಪನಿ "ಸಹಿ ಇದೆಯಲ್ಲ" ಅನ್ನುತ್ತೆ. ಹಾಗಾಗಿ ಪ್ರೊಪೋಸಲ್ ಫಾರ್ಮಿನ ಪ್ರತಿ ಮತ್ತು ವೆರಿಫಿಕೇಶನ್ ಕಾಲಿನ ರೆಕಾರ್ಡಿಂಗ್ ಎರಡನ್ನೂ ಈಗಲೇ ಬರೆದು ಕೇಳಿ. ಫಾರ್ಮಿನಲ್ಲಿ ಮೂರು ಕಡೆ ಕಣ್ಣು ಹಾಯಿಸಿ. ಆದಾಯ ಎಷ್ಟು ಬರೆದಿದ್ದಾರೆ? ಪೆನ್ಶನ್ ಮೇಲೆ ಬದುಕುವವರಿಗೆ ಎಂಟು ಲಕ್ಷ ಆದಾಯ ಅಂತ ಬರೆದದ್ದನ್ನು ನಾನು ನೋಡಿದ್ದೇನೆ, ಇಲ್ಲದಿದ್ದರೆ ಎರಡು ಲಕ್ಷದ ಕಂತು ಪಾಸ್ ಆಗುವುದಿಲ್ಲ. ಉದ್ಯೋಗ ಏನು ಬರೆದಿದ್ದಾರೆ? ಫೋನ್ ನಂಬರ್ ಮತ್ತು ಮೇಲ್ ಯಾರದು? ಕೆಲವು ಸಲ ಅಲ್ಲಿ ಬ್ರಾಂಚಿನವರದೇ ನಂಬರ್ ಇರುತ್ತೆ, ಹಾಗಾಗಿ ಬಾಂಡೂ ಬರುವುದಿಲ್ಲ, ಕಾಲೂ ಬರುವುದಿಲ್ಲ. ಇಂಥ ಒಂದು ತಪ್ಪು ಸಿಕ್ಕಿದರೆ ಅದು ನಿಮ್ಮ ನೂರು ಮಾತಿಗಿಂತ ಗಟ್ಟಿ. ದಾವಣಗೆರೆಯ ಹತ್ತಿರದ ಊರಿನ ಒಬ್ಬ ನಿವೃತ್ತ ಮೇಷ್ಟ್ರಿಗೆ ನಾಲ್ಕು ವರ್ಷದ ಹಿಂದೆ ಹಣ ವಾಪಸ್ ಬಂದದ್ದು ಇದೇ ಒಂದು ಕಾಲಮ್ಮಿನಿಂದ: ಅವರಿಗೆ 'ಅಡಿಕೆ ವ್ಯಾಪಾರಿ' ಅಂತ ಬರೆದಿದ್ದರು.

ದೂರು ಹಾಕಿದ ಮೇಲೆ "ನಾವು ನಿಯಂತ್ರಕರ ಕಚೇರಿಯಿಂದ, ನಿಮ್ಮ ಬೋನಸ್ ಬಿಡುಗಡೆಗೆ ಇನ್ನೊಂದು ಸಣ್ಣ ಪಾಲಿಸಿ ತಗೊಳ್ಳಿ" ಅಂತ ಫೋನ್ ಬರಬಹುದು. ಅದು ಮೋಸ, ನಿಯಂತ್ರಕರು ಪಾಲಿಸಿ ಮಾರುವುದಿಲ್ಲ. ಅಮ್ಮನಿಗೂ ಹೇಳಿಡಿ.

ಇನ್ನು ನಿಮ್ಮ ಎಂಟು ಹುಡುಗರ ವಿಷಯ. ಇದನ್ನು ನೀವು ಕೇಳಿದ್ದು ನನಗೆ ತುಂಬಾ ಖುಷಿಯಾಯಿತು.

ತಪ್ಪು ಮಾರಾಟ ಆದ ಮೇಲೆ ಹುಡುಗನನ್ನು ಕೆಲಸದಿಂದ ತೆಗೆಯುವುದು ಎಲ್ಲರೂ ಮಾಡುವ ಕೆಲಸ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್, ಗಿರಾಕಿಗಳಿಗೆ ಗೊತ್ತಿಲ್ಲದೆ ಖಾತೆ ತೆರೆದ ಹಗರಣದಲ್ಲಿ ಸುಮಾರು 5,300 ನೌಕರರನ್ನು ಕೆಲವೇ ವರ್ಷಗಳಲ್ಲಿ ತೆಗೆದಿತ್ತು. ತೆಗೆಯುತ್ತಿದ್ದ ಅಷ್ಟೂ ವರ್ಷ ಅದು ನಡೆಯುತ್ತಲೇ ಇತ್ತು. ಕೌಂಟರಿನವರಿಗೆ ಇಟ್ಟಿದ್ದ ಮಾರಾಟದ ಗುರಿಗಳನ್ನು ಅದು ಕೈಬಿಟ್ಟಿದ್ದು 2016ರಲ್ಲಿ, ದಂಡ ಬಿದ್ದ ಮೇಲೆ. ಅಷ್ಟು ಜನ ಒಂದೇ ತಪ್ಪು ಮಾಡುತ್ತಿದ್ದಾರೆ ಅಂದರೆ ಅವರಿಗೆ ಸಂಬಳ ಕೊಡುವ ರೀತಿಯನ್ನು ಮೊದಲು ನೋಡಬೇಕಿತ್ತು.

ನಿಮ್ಮಲ್ಲಿ ಫಿಲ್ಟರ್ ಮಾರಿದ ದಿನವೇ ಪೂರ್ತಿ ಕಮಿಷನ್ ಕೊಡುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಅದನ್ನು ಒಡೆಯಿರಿ. ಅರ್ಧ ಈಗ, ಇನ್ನರ್ಧ ಮೂರು ತಿಂಗಳ ನಂತರ, ಫಿಲ್ಟರ್ ಮನೆಯಲ್ಲೇ ಇದ್ದು ದೂರಿಲ್ಲದಿದ್ದರೆ. ನಮ್ಮಲ್ಲಿ ಮ್ಯೂಚುವಲ್ ಫಂಡಿನಲ್ಲಿ ಆದದ್ದು ಇದೇ ದಿಕ್ಕಿನ ಬದಲಾವಣೆ. 2009ರಲ್ಲಿ ಸೆಬಿ, ಹೂಡುವವರ ಹಣದಿಂದ ಮೊದಲೇ ಕತ್ತರಿಸಿಕೊಳ್ಳುತ್ತಿದ್ದ ಎಂಟ್ರಿ ಲೋಡ್ ನಿಲ್ಲಿಸಿತು. 2018ರಲ್ಲಿ ಏಜೆಂಟರಿಗೆ ಮುಂಗಡವಾಗಿ ಕೊಡುವ ಕಮಿಷನ್ ನಿಲ್ಲಿಸಿ, ಹಣ ಉಳಿದಿರುವವರೆಗೆ ಸ್ವಲ್ಪ ಸ್ವಲ್ಪ ಕೊಡಿ ಅಂತ ಮಾಡಿತು. ಗಿರಾಕಿ ಉಳಿದರೆ ಮಾತ್ರ ಮಾರಿದವನಿಗೆ ಹಣ ಅಂದಾಗ, ಬೇಡದವರಿಗೆ ಮಾರುವ ಆಸೆ ತಾನಾಗೇ ಕಮ್ಮಿಯಾಗುತ್ತೆ.

ಇದಕ್ಕೂ ಒಂದು ಮಿತಿ ಇದೆ. ವಿಮೆಯಲ್ಲಿ ಎರಡನೇ ವರ್ಷದ ಕಂತು ಬಂತಾ ಅಂತ ನೋಡುವ ಒಂದು ಅಳತೆ ಇದೆ, 13ನೇ ತಿಂಗಳ ಪರ್ಸಿಸ್ಟೆನ್ಸಿ ಅಂತಾರೆ. ನಮ್ಮ ಕಂಪನಿಯಲ್ಲಿ ಬೋನಸ್ಸನ್ನು ಅದಕ್ಕೆ ಕಟ್ಟಿದಾಗ ಕೆಲವರು ರದ್ದು ಮಾಡಲು ಬಂದವರನ್ನು 13 ತಿಂಗಳು ತಡೆದು ನಿಲ್ಲಿಸುವುದನ್ನು ಕಲಿತರು. ಹಾಗಾಗಿ ರದ್ದು ಮಾಡುವ ಕೆಲಸ ಮಾರಿದವನ ಕೈಯಲ್ಲಿ ಇರಬಾರದು. ನಿಮ್ಮ ಬಿಲ್ಲಿನ ಮೇಲೆ ಬೇರೆ ನಂಬರ್ ಇರಲಿ, ಅದನ್ನು ನೀವೋ ನಿಮ್ಮ ಲೆಕ್ಕದವರೋ ಎತ್ತಲಿ, ಒಂದೇ ಫೋನಿನಲ್ಲಿ ವಾಪಸ್ ಮುಗಿಯಲಿ.

ಎರಡನೆಯದು, ಮೆಟ್ಟಿಲಿನ ಹಾಗೆ ಇರುವ ಬೋನಸ್ ತೆಗೆಯಿರಿ. "ತಿಂಗಳಿಗೆ 20 ಮಾರಿದರೆ 10 ಸಾವಿರ, 19ಕ್ಕೆ ಏನೂ ಇಲ್ಲ" ಅಂತ ಇದ್ದರೆ, 30ನೇ ತಾರೀಖು ಸಂಜೆ 19ರಲ್ಲಿ ನಿಂತ ಹುಡುಗನಿಗೆ ಆ ಕೊನೆಯ ಒಂದು ಫಿಲ್ಟರ್ 10 ಸಾವಿರದ್ದು. ಬಾವಿ ನೀರು ಚೆನ್ನಾಗಿರುವ ಮನೆಗೂ ಅವನು ಆರ್‌ಓ ಮಾರುತ್ತಾನೆ, ನೀರಿನಲ್ಲಿ ಕರಗಿದ ಲವಣದ ಅಳತೆ, ಟಿಡಿಎಸ್, ಬರೀ 90 ಇದ್ದರೂ ಮೀಟರ್ ತೋರಿಸಿ ಹೆದರಿಸುತ್ತಾನೆ. ಪ್ರತಿ ಫಿಲ್ಟರಿಗೂ ಅಷ್ಟೇ ಅಂತ ಇಟ್ಟರೆ 20ನೆಯದು 7ನೆಯದಕ್ಕಿಂತ ಹೆಚ್ಚಿನದಾಗುವುದಿಲ್ಲ. ಹಾಗೇ, ವರ್ಷದ ನಿರ್ವಹಣೆಯ ಎಎಂಸಿ ಒಪ್ಪಂದಕ್ಕೆ ಮತ್ತು ದುಬಾರಿ ಮಾಡೆಲ್‌ಗೆ ಬೇರೆ ಕಮಿಷನ್ ಇಡಬೇಡಿ. ಅಮ್ಮನ ವಿಷಯದಲ್ಲಿ 4 ಸಾವಿರ ಮತ್ತು 60 ಸಾವಿರದ ನಡುವಿನ ಅಂತರ ಏನು ಮಾಡಿತು ಅಂತ ನೀವು ನೋಡಿದ್ದೀರಿ. ಬರೀ ಸಂಬಳ ಕೊಟ್ಟರೆ ಸಮಸ್ಯೆ ತೀರುತ್ತೆ ಅಂತಲೂ ಅಂದುಕೊಳ್ಳಬೇಡಿ. ಬೆಳಿಗ್ಗೆ ಗ್ರೂಪಿನಲ್ಲಿ ಯಾರು ಎಷ್ಟು ಮಾರಿದರು ಅಂತ ಪಟ್ಟಿ ಹಾಕಿದರೆ ಅದೇ ಟಾರ್ಗೆಟ್ ಆಗುತ್ತೆ. ಆ ಪಟ್ಟಿ ನಿಲ್ಲಿಸಿ.

ಮೂರನೆಯದು ನಾಳೆಯಿಂದಲೇ ಶುರು ಮಾಡಬಹುದು. ಪ್ರತಿ ಮಾರಾಟದ ಎರಡು ದಿನದ ನಂತರ, ಮಾರಿದವನಲ್ಲದ ಯಾರಾದರೂ ಗಿರಾಕಿಗೆ ಫೋನ್ ಮಾಡಲಿ. ವಿಮಾ ಕಂಪನಿಯ ಕಾಲ್ ಯಾಕೆ ಕೆಲಸ ಮಾಡುವುದಿಲ್ಲ ಅಂದರೆ, ಅದು ಗಿರಾಕಿಗೆ ಅರ್ಥವಾಗದ ಭಾಷೆಯಲ್ಲಿ, ಓಡುವ ವೇಗದಲ್ಲಿ, "ನೀವು ಎಲ್ಲ ನಿಯಮ ಓದಿ ಒಪ್ಪಿದ್ದೀರಿ, ಹೌದೇ?" ಅಂತ ಕೇಳುತ್ತೆ. ಹೌದು ಅಂದರೆ ಮುಗೀತು. ನೀವು ಹಾಗೆ ಕೇಳಬೇಡಿ. "ಅಮ್ಮ, ನಮ್ಮ ಹುಡುಗ ನಿಮಗೆ ಏನು ಕೊಟ್ಟಿದ್ದಾನೆ, ನೀವೇ ಹೇಳಿ. ವರ್ಷಕ್ಕೆ ಇನ್ನೆಷ್ಟು ಖರ್ಚಾಗುತ್ತೆ ಅಂತ ಹೇಳಿದ?" ಅಂತ ಕೇಳಿ, ಸುಮ್ನೆ ಕೇಳಿಸಿಕೊಳ್ಳಿ. ಫಿಲ್ಟರ್ ಕ್ಯಾಂಡಲ್, ಮೆಂಬ್ರೇನ್ ಬದಲಿಸುವ ಖರ್ಚಿನ ಬಗ್ಗೆ ಅವರಿಗೆ ಗೊತ್ತೇ ಇಲ್ಲ ಅಂದರೆ ನಿಮಗೆ ಅಲ್ಲಿಗೇ ತಿಳಿಯುತ್ತೆ. ವಾರಕ್ಕೆ ಹತ್ತು ಕಾಲ್ ನೀವೇ ಮಾಡಿ, ಹುಡುಗರಿಗೂ ನೀವು ಮಾಡುತ್ತೀರಿ ಅಂತ ಗೊತ್ತಿರಲಿ.

ಅಮ್ಮನ ವೆರಿಫಿಕೇಶನ್ ಕಾಲಿನ ರೆಕಾರ್ಡಿಂಗ್ ಕೈಗೆ ಬಂದ ಮೇಲೆ ಅವರಿಗೆ ಯಾವ ಪ್ರಶ್ನೆ, ಯಾವ ಭಾಷೆಯಲ್ಲಿ ಕೇಳಿದ್ದಾರೆ ಅಂತ ಕೇಳಿ ನೋಡಿ ನನಗೆ ಬರೆಯಿರಿ. ದೂರಿನ ಕರಡು ಮಾಡುವುದಾದರೆ ಅದನ್ನೇ ಮೊದಲ ಪ್ಯಾರಾ ಮಾಡೋಣ.